1000 ಜನ ಸರ್ವೆ ತುಂಬಿದ್ರು, ವೇಟ್ ಹಾಕಿದ್ಮೇಲೆ "ಎಫೆಕ್ಟಿವ್ ಸ್ಯಾಂಪಲ್ 200" ಅಂತಿದೆ. ಉಳಿದ 800 ಜನ ಎಲ್ಲಿ ಹೋದ್ರು?

ಮಳೆಹುಡುಗಿ
ಎಲ್ಲರಿಗೂ ನಮಸ್ಕಾರ. ನಾನು ಕೆಲಸ ಮಾಡೋ ಸಂಘಕ್ಕೆ ಲಕ್ಷದ ಮೇಲೆ ಸದಸ್ಯರಿದ್ದಾರೆ. ಕೌಂಟರ್ ಮುಚ್ಚಿ ವ್ಯವಹಾರ ಎಲ್ಲ ಆನ್‌ಲೈನ್‌ಗೆ ತರೋಣ ಅಂತ ಮೇಲಿನವರ ಯೋಚನೆ, ಅದಕ್ಕೆ ಸದಸ್ಯರು ಒಪ್ತಾರಾ ವಿರೋಧಿಸ್ತಾರಾ ಅಂತ ಕೇಳೋಕೆ ಲಿಂಕ್ ಕಳಿಸಿದ್ವಿ, 1000 ಜನ ತುಂಬಿದ್ರು. ಆದ್ರೆ ಸದಸ್ಯರಲ್ಲಿ 60 ದಾಟಿದವರು 30% ಇದ್ದಾರೆ, ತುಂಬಿದವರಲ್ಲಿ ಅವರು ಬರೀ 20 ಜನ. ಹಂಗಾಗಿ ವಯಸ್ಸಿನ ಮೇಲೆ ವೇಟ್ ಹಾಕಿದೆ. ಹಿರಿಯರಿಗೆ ತಲಾ 15, ಉಳಿದ 980 ಜನಕ್ಕೆ ತಲಾ 0.714.

ರಿಸಲ್ಟ್: ಹಿರಿಯರಲ್ಲಿ 20ಕ್ಕೆ 14 ಜನ ವಿರೋಧ, ಉಳಿದವರಲ್ಲಿ 980ಕ್ಕೆ 392. ವೇಟ್ ಇಲ್ದೆ ನೋಡಿದ್ರೆ ವಿರೋಧ 40.6%, ವೇಟ್ ಹಾಕಿದ್ರೆ 49%. ಇಲ್ಲಿವರೆಗೆ ಅರ್ಥ ಆಯ್ತು. ಆದ್ರೆ ಅದೇ ಪ್ರೋಗ್ರಾಂ ಕೊನೇಲಿ ಎಫೆಕ್ಟಿವ್ ಸ್ಯಾಂಪಲ್ ಸೈಜ್ 200 ಅಂತ ತೋರಿಸ್ತಿದೆ. ನಮ್ ಮ್ಯಾನೇಜರ್ "1000 ಜನ ಅಲ್ವಾ, ±3 ಅಂತ ಬರಿ" ಅಂತಾರೆ. ನಾನು ಏನ್ ಬರೀಲಿ? ಈ 200 ಎಲ್ಲಿಂದ ಬಂತು?

ಕೋಡ್‌ಕುಮಾರ
ವೇಟ್‌ಗಳ ಮೊತ್ತ 1000 ಬರೋ ಹಾಗೆ ಸ್ಕೇಲ್ ಮಾಡಿಲ್ಲ ಅನ್ಸುತ್ತೆ. ನಾರ್ಮಲೈಸ್ ಮಾಡಿ, ಸರಿಹೋಗುತ್ತೆ.

ಮಳೆಹುಡುಗಿ
ಮಾಡಿದೀನಿ. 20 × 15 = 300, 980 × 0.714 = 700. ಮೊತ್ತ 1000ನೇ ಇದೆ.

ಲೆಕ್ಕದಮೇಷ್ಟ್ರು
ಕುಮಾರ, ಸ್ಕೇಲ್ ಮಾಡಿದ್ರೂ ಬಿಟ್ರೂ ಈ ನಂಬರ್ ಬದಲಾಗಲ್ಲ ಕಣಪ್ಪ. ಎಲ್ಲಾ ವೇಟನ್ನೂ 100ರಿಂದ ಗುಣಿಸಿ ನೋಡು, ಅದೇ 200 ಬರುತ್ತೆ. ವೇಟ್ ಹಾಕಿ ಬಂದ ಉತ್ತರ, ವೇಟೇ ಬೇಡದ ಎಷ್ಟು ಜನರ ಸರ್ವೆಯಷ್ಟು ನಿಖರ ಅಂತ ಹೇಳೋ ನಂಬರ್ ಅದು. ಲೆಸ್ಲಿ ಕಿಶ್ 1965ರಲ್ಲಿ ಕೊಟ್ಟ ಲೆಕ್ಕ ಇದು, ಒಂದೇ ಸಾಲು:

```
n_eff = sum(w)^2 / sum(w^2)
```

ಮೇಡಂ ಡೇಟಾಗೇ ಹಾಕೋಣ. ಮೇಲೆ 1000ದ ವರ್ಗ, ಅಂದ್ರೆ ಹತ್ತು ಲಕ್ಷ. ಕೆಳಗೆ ಪ್ರತಿಯೊಬ್ಬರ ವೇಟಿನ ವರ್ಗ ಕೂಡಿಸ್ಬೇಕು: ಹಿರಿಯರದ್ದು 20 × 225 = 4500, ಉಳಿದ 980 ಜನರದ್ದು ಎಲ್ಲ ಸೇರಿ 500. ಒಟ್ಟು 5000. ಹತ್ತು ಲಕ್ಷ ಭಾಗಿಸು 5000, ಇನ್ನೂರು. ಪ್ರೋಗ್ರಾಂ ತಪ್ಪು ಹೇಳ್ತಿಲ್ಲ.

ಆ 4500 ಮತ್ತು 500 ಸ್ವಲ್ಪ ನಿಂತು ನೋಡಿ ಮೇಡಂ. ಕೆಳಗಿನ ಮೊತ್ತದಲ್ಲಿ ನೂರಕ್ಕೆ ತೊಂಬತ್ತು ಭಾಗ ಬರೀ 20 ಜನರಿಂದ ಬಂದಿದೆ. ನಿಮ್ಮ 800 ಜನ ಹೋಗಿದ್ದು ಅಲ್ಲೇ.

ನಿಧಾನಿ
ಸರ್, ಸೂತ್ರ ಸರಿ, ಆದ್ರೆ ವರ್ಗ ಯಾಕೆ? ವೇಟ್ 15 ಅಂದ್ರೆ 15 ಜನಕ್ಕೆ ಸಮ ತಾನೇ, ಹಿರಿಯರು 300 ಜನ ಇದ್ದಂಗೆ ಆಯ್ತಲ್ಲ, ಮತ್ತೆ ನಷ್ಟ ಎಲ್ಲಿ?

ಲೆಕ್ಕದಮೇಷ್ಟ್ರು
ಒಳ್ಳೆ ಪ್ರಶ್ನೆ, ಎಲ್ಲರೂ ಎಡವೋದು ಇಲ್ಲೇ. ನಿಜವಾಗ್ಲೂ 15 ಬೇರೆ ಬೇರೆ ಹಿರಿಯರನ್ನ ಕೇಳಿದ್ರೆ ಒಬ್ರು ಹೂಂ ಅಂತಾರೆ ಒಬ್ರು ಊಹೂಂ ಅಂತಾರೆ, ಯಾರೋ ಒಬ್ಬರು ಸ್ವಲ್ಪ ವಿಚಿತ್ರ ಉತ್ತರ ಕೊಟ್ರೂ ಇನ್ನೊಬ್ಬರದ್ದು ಅದನ್ನ ಸರಿದೂಗಿಸುತ್ತೆ. ವೇಟ್ 15 ಅಂದಾಗ ಆಗೋದು ಹಂಗಲ್ಲ. ಒಬ್ಬರ ಉತ್ತರವನ್ನೇ 15 ಸಲ ಕಾಪಿ ಹೊಡೆದ ಹಾಗೆ. ಅವರು ಹೂಂ ಅಂದ್ರೆ ಹದಿನೈದೂ ಹೂಂ. ಅಲ್ಲಿ ಸರಿದೂಗಿಸೋಕೆ ಯಾರೂ ಇಲ್ಲ, ಏರುಪೇರು ಪೂರ್ತಿ ಉಳ್ಕೊಳ್ಳುತ್ತೆ. ವೇರಿಯನ್ಸ್‌ನಲ್ಲಿ, ಅಂದ್ರೆ ಏರುಪೇರಿನ ಅಳತೆಯಲ್ಲಿ, ಗುಣಕ ಯಾವಾಗ್ಲೂ ವರ್ಗ ಆಗಿ ಹೊರಗೆ ಬರುತ್ತೆ, ಅದಕ್ಕೇ 225.

ಕೈಯಲ್ಲೇ ನೋಡ್ಬಹುದು. ಒಬ್ಬ ಹಿರಿಯರು ಮನಸ್ಸು ಬದಲಾಯಿಸಿದ್ರೆ ರಿಸಲ್ಟ್ 1000ದಲ್ಲಿ 15, ಅಂದ್ರೆ 1.5 ಪಾಯಿಂಟ್ ಜರುಗುತ್ತೆ. ಈಗ 49%. ಆ 14 ಜನ 15 ಆಗಿದ್ರೆ 50.5%. ಲಕ್ಷ ಸದಸ್ಯರ ಸಂಘದಲ್ಲಿ "ಬಹುಮತ ವಿರೋಧ" ಅಂತ ಹೆಡ್ಡಿಂಗ್ ಹಾಕ್ಬೇಕಾ ಬೇಡ್ವಾ ಅನ್ನೋದು ಒಬ್ಬ ಮನುಷ್ಯ ಅವತ್ತು ಲಿಂಕ್ ಒತ್ತಿದ್ರಾ ಇಲ್ವಾ ಅನ್ನೋದರ ಮೇಲೆ ನಿಂತಿದೆ. ಇದಕ್ಕೆ ±3 ಅಂತ ಬರೆಯೋಕೆ ಹೆಂಗೆ ಮನಸ್ಸು ಬರುತ್ತೆ?

200ಕ್ಕೆ ಲೆಕ್ಕ ಹಾಕಿದ್ರೆ ±6.9. ಅದನ್ನ ಬರೀರಿ ಮೇಡಂ.

ಮಳೆಹುಡುಗಿ
ಅಬ್ಬಾ, ಆ 1.5 ಪಾಯಿಂಟ್ ವಿಷಯ ಓದಿ ಎದೆ ಧಸಕ್ ಅಂತು. ಥ್ಯಾಂಕ್ಸ್ ಸರ್.

ಖಡಕ್_ಮಾತು
ಇಷ್ಟೆಲ್ಲ ತಲೆಬಿಸಿ ಯಾಕೆ, ವೇಟೇ ಹಾಕ್ಬೇಡಿ. ವೇಟ್ ಹಾಕಿದ್ರಿಂದ ತಾನೇ 1000 ಹೋಗಿ 200 ಆಗಿದ್ದು? ಹಾಕ್ದಿದ್ರೆ 1000 ಪೂರ್ತಿ ನಿಮ್ಮದೇ.

ಹಳೇಫೀಲ್ಡ್‌ವರ್ಕರ್
ಹೌದು, ಪೂರ್ತಿ 1000 ಇಟ್ಕೊಂಡು 40.6 ± 3 ಅಂತ ಬರೀರಿ. ಆ ಅಂತರದೊಳಗೆ 49 ಇಲ್ಲವೇ ಇಲ್ಲ. 30% ಇರಬೇಕಾದವರನ್ನ 2% ಮಾಡಿ ಎಣಿಸಿದ ಉತ್ತರ ಅದು, ತಪ್ಪು ಉತ್ತರವನ್ನ ಬಹಳ ಧೈರ್ಯದಿಂದ ಹೇಳಿದಂಗೆ ಆಗುತ್ತೆ. ವೇಟ್ ಬಂದು 800 ಜನರನ್ನ ತಿಂದಿಲ್ಲ, ನಷ್ಟ ಆಗಿದ್ದು ಲಿಂಕ್ ಕಳಿಸಿ ಸುಮ್ಮನೆ ಕೂತಾಗಲೇ. ವೇಟ್ ಬಂದು ಅದನ್ನ ತೋರಿಸ್ತು ಅಷ್ಟೇ.

ಖಡಕ್_ಮಾತು
ಸರಿ, ಆದ್ರೆ ಕಂಪ್ಲೀಟ್ ವೇಟ್ ಹಾಕೋದೂ ಬೇಡ, ಕಟ್ ಮಾಡಿ. ನಾವು ಆಫೀಸಲ್ಲಿ 5ರ ಮೇಲೆ ವೇಟ್ ಬಿಡೋದೇ ಇಲ್ಲ. 5ಕ್ಕೆ ಕಟ್ ಮಾಡಿದ್ರೆ ಎಫೆಕ್ಟಿವ್ ಎಷ್ಟು ಬರುತ್ತೆ ನೋಡಿ.

ಕೋಡ್‌ಕುಮಾರ
ಹಾಕಿ ನೋಡ್ದೆ. ಹಿರಿಯರು 5, ಉಳಿದವರು 0.918. ಎಫೆಕ್ಟಿವ್ 754! 200ರಿಂದ 754. ಇದೇ ಬೆಸ್ಟ್ ಅಲ್ವಾ?

ಲೆಕ್ಕದಮೇಷ್ಟ್ರು
ಅವಸರ ಬೇಡ. 5ಕ್ಕೆ ಕಟ್ ಮಾಡಿದಾಗ ಹಿರಿಯರ ಪಾಲು 30% ಹೋಗಿ 10% ಆಯ್ತು. ವಿರೋಧ ಎಷ್ಟು ಬರುತ್ತೆ? ಹತ್ತು ಪಾಲು 70%, ತೊಂಬತ್ತು ಪಾಲು 40%, ಒಟ್ಟು 43%. ಪೂರ್ತಿ ವೇಟಿನಲ್ಲಿ 49 ಇತ್ತು. ಅಂದ್ರೆ ಏರುಪೇರು ಕಮ್ಮಿ ಮಾಡ್ಕೊಳ್ಳೋಕೆ ಹೋಗಿ 6 ಪಾಯಿಂಟ್ ಬಯಾಸ್, ಅಂದ್ರೆ ಒಂದೇ ಕಡೆಗೆ ವಾಲೋ ತಪ್ಪು, ಕೊಂಡ್ಕೊಂಡ್ರಿ. ಎರಡನ್ನೂ ಸೇರಿಸಿ ಅಳೀಬೇಕು, ಬಯಾಸಿನ ವರ್ಗ ಮತ್ತು ಸ್ಟ್ಯಾಂಡರ್ಡ್ ಎರರ್ ವರ್ಗ ಕೂಡಿಸಿ ವರ್ಗಮೂಲ. ಸ್ಟ್ಯಾಂಡರ್ಡ್ ಎರರ್ ಅಂದ್ರೆ ಆ ± ನಂಬರಿನ ಹೆಚ್ಚುಕಮ್ಮಿ ಅರ್ಧ. ಪೂರ್ತಿ ವೇಟ್: ಬಯಾಸ್ ಇಲ್ಲ ಅಂದ್ಕೊಂಡ್ರೆ ಒಟ್ಟು ತಪ್ಪು ಸುಮಾರು 3.5 ಪಾಯಿಂಟ್. ಕಟ್ ಮಾಡಿದ್ದು: ಸ್ಟ್ಯಾಂಡರ್ಡ್ ಎರರ್ 1.8 ಇದ್ರೂ ಬಯಾಸ್ 6 ಸೇರಿ 6.3. ಎಫೆಕ್ಟಿವ್ ಸ್ಯಾಂಪಲ್ ನಾಲ್ಕರಷ್ಟು ಹತ್ತಿರ ಆಯ್ತು, ಉತ್ತರ ಮಾತ್ರ ಹಾಳಾಯ್ತು.

ಖಡಕ್_ಮಾತು
ಹಂಗಾದ್ರೆ ಟ್ರಿಮ್ ಮಾಡೋದು ಯಾವತ್ತೂ ತಪ್ಪು ಅಂತೀರಾ? ಎಲ್ಲಾ ಕಡೆ ಮಾಡ್ತಾರಲ್ರೀ.

ಲೆಕ್ಕದಮೇಷ್ಟ್ರು
ಇಲ್ಲ ಇಲ್ಲ, ನಿಮ್ಮ ಮಾತಲ್ಲಿ ಅರ್ಧ ನಿಜ ಇದೆ. ಅದು ಪ್ರಶ್ನೆ ಮೇಲೆ ಹೋಗುತ್ತೆ. ಇದೇ ಸರ್ವೆಯಲ್ಲಿ "ಮೆಸೇಜ್ ಬೆಳಗ್ಗೆ ಕಳಿಸೋದಾ ಸಂಜೆ ಕಳಿಸೋದಾ" ಅಂತ ಇನ್ನೊಂದು ಪ್ರಶ್ನೆ ಇದೆ ಅಂದ್ಕೊಳ್ಳಿ, ಅದರಲ್ಲಿ ಹಿರಿಯರಿಗೂ ಉಳಿದವರಿಗೂ ಬರೀ 5 ಪಾಯಿಂಟ್ ವ್ಯತ್ಯಾಸ. ಆಗ ಕಟ್ ಮಾಡಿದ್ರೆ ಬಯಾಸ್ 1 ಪಾಯಿಂಟ್ ಮಾತ್ರ, ಒಟ್ಟು ತಪ್ಪು 2.1. ಪೂರ್ತಿ ವೇಟಿನಲ್ಲಿ 3.5. ಅಲ್ಲಿ ಟ್ರಿಮ್ ಗೆಲ್ಲುತ್ತೆ. ಒಂದೇ ಡೇಟಾ, ಒಂದೇ ವೇಟ್, ಎರಡು ಪ್ರಶ್ನೆ, ಎರಡು ಉತ್ತರ. ಕಷ್ಟ ಏನಂದ್ರೆ ಎರಡು ಗುಂಪಿನ ವ್ಯತ್ಯಾಸ ಎಷ್ಟು ಅಂತ ಗೊತ್ತಾಗೋದೂ ಆ 20 ಜನರಿಂದಲೇ, ಅದೂ ಅಲುಗಾಡ್ತಿರೋ ನಂಬರ್.

ಖಡಕ್_ಮಾತು
ನಾನು ಒಪ್ಪಲ್ಲ ಪೂರ್ತಿ. ಪ್ರತಿ ಪ್ರಶ್ನೆಗೂ ಬೇರೆ ಬೇರೆ ವೇಟ್ ಇಟ್ರೆ ರಿಪೋರ್ಟ್ ಓದೋರಿಗೆ ಹುಚ್ಚು ಹಿಡಿಯುತ್ತೆ, ಒಂದು ಟೇಬಲ್‌ಗೂ ಇನ್ನೊಂದಕ್ಕೂ ತಾಳೆ ಆಗಲ್ಲ. ಒಂದೇ ಕಟ್ ಇಡ್ಲೇಬೇಕು.

ಲೆಕ್ಕದಮೇಷ್ಟ್ರು
ಅದು ನಿಜವಾದ ತೊಂದರೆ, ಇಲ್ಲ ಅನ್ನಲ್ಲ. ಒಂದೇ ಕಟ್ ಇಡೋದಾದ್ರೆ ಅತಿ ಮುಖ್ಯ ಪ್ರಶ್ನೆ ಯಾವುದು ಅಂತ ನೋಡಿ ಇಡಿ, 5 ಅನ್ನೋ ನಂಬರಿಗೆ ಯಾವ ಮಹಿಮೆನೂ ಇಲ್ಲ.

ಶಾಲೆಬ್ಯಾಗ್
ನಮ್ಮದೂ ಇದೇ ಸಮಸ್ಯೆ ಅನ್ಸುತ್ತೆ. 50 ಶಾಲೆ ಆರಿಸಿ ಒಂದೊಂದರಲ್ಲಿ 20 ಮಕ್ಕಳಿಗೆ ಓದೋ ಪರೀಕ್ಷೆ ಕೊಟ್ವಿ, 1000 ಮಕ್ಕಳು, ಎಲ್ಲರಿಗೂ ವೇಟ್ ಸಮಾನ. ಆದ್ರೂ ರಿವ್ಯೂ ಮಾಡಿದವರು ಎಫೆಕ್ಟಿವ್ ಸ್ಯಾಂಪಲ್ 345 ಅಂದ್ರು. ಮೇಷ್ಟ್ರ ಸೂತ್ರದಲ್ಲಿ ಹಾಕಿದ್ರೆ 1000ನೇ ಬರ್ತಿದೆ. ಅವರು ತಪ್ಪಾ?

ಲೆಕ್ಕದಮೇಷ್ಟ್ರು
ಅವರು ಸರಿ, ಆದ್ರೆ ನಿಮ್ಮದು ಬೇರೆ ಕಾಯಿಲೆ. ಒಂದೇ ಶಾಲೆ ಮಕ್ಕಳು ಒಬ್ಬರಿಗೊಬ್ಬರು ಹೋಲ್ತಾರೆ, ಅದೇ ಟೀಚರ್, ಅದೇ ಪಾಠ. ಆ ಹೋಲಿಕೆ 0.1 ಇದ್ರೆ 1 + 19 × 0.1 = 2.9, 1000 ಭಾಗಿಸು 2.9 ಅಂದ್ರೆ 345. ಅದು ಕ್ಲಸ್ಟರ್‌ನಿಂದ ಆದ ನಷ್ಟ, ವೇಟ್ ಸೂತ್ರಕ್ಕೆ ಅದು ಕಾಣೋದೇ ಇಲ್ಲ. ಎರಡೂ ಇರೋ ಸರ್ವೆಯಲ್ಲಿ ಎರಡು ನಷ್ಟಾನೂ ಹೆಚ್ಚುಕಮ್ಮಿ ಗುಣಿಸ್ಕೊಂಡು ಹೋಗುತ್ತೆ.

ಶಾಲೆಬ್ಯಾಗ್
ಓ ಸರಿ ಸರ್. ಬೇರೆ ಥ್ರೆಡ್ ಹಾಕ್ತೀನಿ.

ಪೇಪರ್‌ಓದುಗ
ಒಬ್ಬನ ಮೇಲೆ ರಿಸಲ್ಟ್ ನಿಲ್ಲೋ ಮಾತು ಬಂದಿದ್ದಕ್ಕೆ ನೆನಪಾಯ್ತು. 2016ರ ಅಮೆರಿಕ ಅಧ್ಯಕ್ಷ ಚುನಾವಣೆ ಹೊತ್ತಲ್ಲಿ ಯುಎಸ್‌ಸಿ ವಿಶ್ವವಿದ್ಯಾಲಯ ಮತ್ತು ಲಾಸ್ ಏಂಜಲೀಸ್ ಟೈಮ್ಸ್ ಪತ್ರಿಕೆ ಒಂದು ಪೋಲ್ ನಡೆಸ್ತಿದ್ವು, ಸುಮಾರು 3000 ಜನರ ಪ್ಯಾನೆಲ್, ಅವರನ್ನೇ ಮತ್ತೆ ಮತ್ತೆ ಕೇಳೋದು. ಅದರಲ್ಲಿ ಒಬ್ಬ ಯುವಕನ ವೇಟ್ ಸರಾಸರಿಯ 30 ಪಟ್ಟು ಇತ್ತು. ಅವನು ಟ್ರಂಪ್ ಕಡೆ. ಅವನು ಉತ್ತರ ಕೊಟ್ಟಾಗ ಟ್ರಂಪ್ ನಂಬರ್ ಏರೋದು, ಬಿಟ್ಟಾಗ ಇಳಿಯೋದು. ನ್ಯೂಯಾರ್ಕ್ ಟೈಮ್ಸ್‌ನವರು ಡೇಟಾ ತೆಗೆದು ಅದನ್ನ ಬಿಡಿಸಿ ಬರೆದ್ರು. ಡೇಟಾ ಬಹಿರಂಗ ಮಾಡಿದ್ರಿಂದ ಗೊತ್ತಾಯ್ತು, ಅದಕ್ಕೆ ಆ ಪೋಲ್‌ನವರನ್ನ ಮೆಚ್ಚಬೇಕು.

ನಿಧಾನಿ
ಆ ಪೋಲ್‌ನಲ್ಲಿ 30 ಪಟ್ಟು ಹೆಂಗೆ ಬಂತು? ಮೇಡಂ ತರ ಒಂದೇ ವಯಸ್ಸಿನ ಗುಂಪಾ?

ಪೇಪರ್‌ಓದುಗ
ಬಹಳ ಸಣ್ಣ ಸಣ್ಣ ಗುಂಪು ಮಾಡಿ ವೇಟ್ ಹಾಕಿದ್ರು, 18ರಿಂದ 21 ವಯಸ್ಸು ಅಂತ ಒಂದು ಗುಂಪು ಇತ್ತು. ಜೊತೆಗೆ ಹಿಂದಿನ ಚುನಾವಣೇಲಿ ಯಾರಿಗೆ ವೋಟ್ ಹಾಕಿದ್ರಿ ಅನ್ನೋದಕ್ಕೂ ವೇಟ್.

ಹಳೇಫೀಲ್ಡ್‌ವರ್ಕರ್
ಗುಂಪು ಸಣ್ಣ ಆದಷ್ಟೂ ಹಂಗೇ ಆಗೋದು. ನಾನು ವೇಟ್ ಫೈಲ್ ಕೈಗೆ ಬಂದ ತಕ್ಷಣ ಮೊದಲು ನೋಡೋದು ಅತಿ ದೊಡ್ಡ ವೇಟ್ ಸರಾಸರಿಗೆ ಎಷ್ಟು ಪಟ್ಟು ಅಂತ, ಆಮೇಲೆ ಜಾಸ್ತಿ ವೇಟ್ ಇರೋ ಮೊದಲ ಇಪ್ಪತ್ತು ಜನರ ಫಾರಂ ತೆಗೆದು ಒಂದೊಂದಾಗಿ ಓದ್ತೀನಿ. ಎಷ್ಟೋ ಸಲ ಅದು ನಿಜವಾದ ಅಪರೂಪದ ಮನುಷ್ಯ ಆಗಿರಲ್ಲ, ವಯಸ್ಸು 26 ಅನ್ನೋದನ್ನ 62 ಅಂತ ಟೈಪ್ ಮಾಡಿರ್ತಾರೆ. ತಪ್ಪು ಟೈಪ್ ಮಾಡಿದ ಒಬ್ಬನಿಗೆ 15 ಜನರ ಬಲ ಬಂದುಬಿಡುತ್ತೆ. ಮೇಡಂ, ನಿಮ್ಮ 20 ಜನ ನಿಜವಾಗ್ಲೂ 60 ದಾಟಿದವರೇ ಅಂತ ಸದಸ್ಯರ ಪಟ್ಟಿ ಜೊತೆ ತಾಳೆ ನೋಡಿದ್ರಾ?

ಮಳೆಹುಡುಗಿ
ನೋಡಿರ್ಲಿಲ್ಲ ಅಣ್ಣ, ಈಗ ನೋಡ್ದೆ. 20ಕ್ಕೆ 20 ಸರಿ ಇದೆ, ಪುಣ್ಯ.

ಗುಬ್ಬಚ್ಚಿ
ನನ್ನ ಕೇಸ್ ಉಲ್ಟಾ ಆಗಿತ್ತು, ಹೇಳ್ತೀನಿ. ಒಂದು ಸರ್ವೆಯಲ್ಲಿ ವೇಟ್ ಕೊಟ್ಟಿದ್ದು ಜನಸಂಖ್ಯೆಗೆ ಹಿಗ್ಗಿಸಿದ ವೇಟ್, ಅಂದ್ರೆ ಎಲ್ಲ ಕೂಡಿಸಿದ್ರೆ ಲಕ್ಷಗಟ್ಟಲೆ. ನಾನು SPSS ನಲ್ಲಿ `WEIGHT BY` ಹಾಕಿ ಟೆಸ್ಟ್ ಓಡಿಸಿದೆ, ಎಲ್ಲದಕ್ಕೂ ಪಿ ವ್ಯಾಲ್ಯೂ 0.000, ಏನ್ ಮುಟ್ಟಿದ್ರೂ ಸಿಗ್ನಿಫಿಕೆಂಟ್! ಎರಡು ದಿನ ಖುಷಿಯಲ್ಲಿದ್ದೆ. ಆಮೇಲೆ ಗೈಡ್ "ನಿನ್ನ n ನೋಡು" ಅಂದ್ರು. ಅದು ಪ್ರತಿ ವೇಟನ್ನೂ ಅಷ್ಟು ನಿಜವಾದ ಮನುಷ್ಯರು ಅಂತ ಎಣಿಸಿತ್ತು.

ಕೋಡ್‌ಕುಮಾರ
ನಾನು ಮೊದಲು ಹೇಳಿದ ಸ್ಕೇಲಿಂಗ್ ಇದಕ್ಕೇ! ಮೊತ್ತ n ಗೆ ತಂದಿದ್ರೆ ಈ ತೊಂದರೆ ಬರ್ತಿರ್ಲಿಲ್ಲ.

ಲೆಕ್ಕದಮೇಷ್ಟ್ರು
ಲಕ್ಷದ ತೊಂದರೆ ಹೋಗ್ತಿತ್ತು ಕುಮಾರ, ಆ ಮಟ್ಟಿಗೆ ನೀನು ಸರಿ. ಆದ್ರೆ ಆಗಲೂ ಆ ಕಮಾಂಡ್ 1000 ಜನ ಸಮಾನ ಅಂತಲೇ ಲೆಕ್ಕ ಹಾಕುತ್ತೆ, 200ರ ವಿಷಯ ಅದಕ್ಕೆ ಗೊತ್ತಿಲ್ಲ. ಸರ್ವೆಗೆ ಅಂತ ಮಾಡಿದ ಪ್ಯಾಕೇಜ್‌ನಲ್ಲೇ ಓಡಿಸ್ಬೇಕು. R ನಲ್ಲಾದ್ರೆ:

```
library(survey)
d <- svydesign(ids = ~1, weights = ~w, data = df)
svymean(~virodha, d)
```

ನಿಧಾನಿ
ನನಗೆ ಇನ್ನೊಂದು ಗೊಂದಲ. ಮೇಡಂಗೆ ಹಿರಿಯರ ಬಗ್ಗೆ ಮಾತ್ರ ರಿಪೋರ್ಟ್ ಬೇಕಾದ್ರೆ, ಅಲ್ಲಿ ಎಲ್ಲರ ವೇಟೂ 15ನೇ, ಸಮಾನ. ಆಗ ಸೂತ್ರದಲ್ಲಿ ಎಫೆಕ್ಟಿವ್ 20 ಬರುತ್ತೆ, ಉಳಿದವರಿಗೆ 980. ಎರಡೂ ಕೂಡಿಸಿದ್ರೆ 1000. ಒಟ್ಟಿಗೆ ಮಾತ್ರ 200. ಇದು ಹೆಂಗೆ?

ಲೆಕ್ಕದಮೇಷ್ಟ್ರು
ಲೆಕ್ಕ ಸರಿಯಾಗೇ ಇದೆ ನಿಮ್ಮದು. ಗುಂಪಿನೊಳಗೆ ವೇಟ್ ಸಮ ಇದ್ರೆ ಒಳಗೆ ಏನೂ ನಷ್ಟ ಇಲ್ಲ. ನಷ್ಟ ಬರೋದು ಎರಡು ಗುಂಪು ಸೇರಿಸಿ ಒಂದು ನಂಬರ್ ಮಾಡುವಾಗ, ಯಾಕಂದ್ರೆ 30% ಭಾರ ಹೊತ್ತಿರೋ ಗುಂಪಿಗೆ 20 ಜನರ ಆಧಾರ. ಒಂದು ಕಾಲು ಕಡ್ಡಿಯಷ್ಟು ಸಣ್ಣ ಇರೋ ಮೇಜಿನ ತರ, ಉಳಿದ ಕಾಲು ಎಷ್ಟು ದಪ್ಪ ಇದ್ರೇನು.

ಇನ್ನೊಂದು ವಿಷಯ ಹೇಳ್ಬೇಕು, ನಾನು ಮೇಲೆ ±6.9 ಅಂದೆ, ಅದು ಸ್ವಲ್ಪ ಜಾಸ್ತಿ. ಕಿಶ್ ಲೆಕ್ಕ ವೇಟಿಗೂ ಉತ್ತರಕ್ಕೂ ಸಂಬಂಧ ಇಲ್ಲ ಅಂತ ಅಂದ್ಕೊಳ್ಳುತ್ತೆ. ಇಲ್ಲಿ ಸಂಬಂಧ ಇದೆ, ವಯಸ್ಸಾದವರು ಜಾಸ್ತಿ ವಿರೋಧ. ಎರಡು ಗುಂಪಿನ ಪಾಲು ನಮಗೆ ಮೊದಲೇ ಖಚಿತ ಗೊತ್ತಿರೋದ್ರಿಂದ ಗುಂಪಿನೊಳಗಿನ ಏರುಪೇರು ಮಾತ್ರ ಎಣಿಸಿದ್ರೆ ಸಾಕು, ಆಗ ±6.4 ಬರುತ್ತೆ. ಪ್ಯಾಕೇಜ್‌ನಲ್ಲಿ `postStratify` ಹಾಕಿದ್ರೆ ಅದನ್ನೇ ಕೊಡುತ್ತೆ, ಬರೀ ವೇಟ್ ಕೊಟ್ರೆ ಈ ಲಾಭ ಕಾಣಲ್ಲ. ವಯಸ್ಸಿಗೂ ಉತ್ತರಕ್ಕೂ ನಂಟು ಇನ್ನೂ ಗಟ್ಟಿ ಇದ್ದಿದ್ರೆ ಅಂತರ ಇನ್ನೂ ಜಾಸ್ತಿ ಕಮ್ಮಿ ಆಗ್ತಿತ್ತು.

ಖಡಕ್_ಮಾತು
6.9 ಆದ್ರೇನು 6.4 ಆದ್ರೇನು, 49 ಅಂದ್ರೆ ಏನೂ ಹೇಳೋಕಾಗಲ್ಲ ಅಂತ ಅರ್ಥ. ಇನ್ನೊಂದು ಸಾವಿರ ಜನರಿಗೆ ಲಿಂಕ್ ಕಳಿಸಿ ಮೇಡಂ.

ಹಳೇಫೀಲ್ಡ್‌ವರ್ಕರ್
ದಯವಿಟ್ಟು ಕಳಿಸ್ಬೇಡಿ. ಇನ್ನೊಂದು ಸಾವಿರ ಬಂದ್ರೂ ಅದರಲ್ಲೂ 20 ಹಿರಿಯರೇ ಇರ್ತಾರೆ, ಎಫೆಕ್ಟಿವ್ 400 ಆಗುತ್ತೆ, ಅಷ್ಟೇ. ಅದರ ಬದಲು ಸದಸ್ಯರ ಪಟ್ಟಿಯಿಂದ 60 ದಾಟಿದವರನ್ನ ಚೀಟಿ ಎತ್ತಿದಂಗೆ ಆರಿಸಿ ಫೋನ್ ಮಾಡಿ, ಬರೀ 60 ಜನ ಉತ್ತರ ಕೊಟ್ರೆ ಸಾಕು. ಹಿರಿಯರು 80 ಆಗ್ತಾರೆ, ಅವರ ವೇಟ್ 15ರಿಂದ 4ಕ್ಕೆ ಇಳಿಯುತ್ತೆ, ಎಫೆಕ್ಟಿವ್ ಎಷ್ಟು ಆಗುತ್ತೆ ಕುಮಾರ ಲೆಕ್ಕ ಹಾಕಪ್ಪ.

ಕೋಡ್‌ಕುಮಾರ
615!! ಸಾವಿರ ಲಿಂಕ್ ಕಳಿಸಿದ್ರೆ 400, ಅರವತ್ತು ಫೋನ್ ಮಾಡಿದ್ರೆ 615. ಎರಡು ಸಲ ಚೆಕ್ ಮಾಡ್ದೆ.

ಹಳೇಫೀಲ್ಡ್‌ವರ್ಕರ್
ಫೋನ್ ಮಾಡೋಕೆ ಇನ್ನೊಂದು ಕಾರಣನೂ ಇದೆ, ನನಗೆ ಅದೇ ದೊಡ್ಡದು. ಆನ್‌ಲೈನ್ ಬೇಡ್ವಾ ಬೇಕಾ ಅನ್ನೋ ಪ್ರಶ್ನೆಗೆ ಆನ್‌ಲೈನ್ ಫಾರಂ ತುಂಬಿದ ಹಿರಿಯರು ಯಾರು? ಫೋನು ಕಂಪ್ಯೂಟರ್ ಚೆನ್ನಾಗಿ ಬಳಸೋರು. ಲಿಂಕ್ ತೆರೆಯೋಕೇ ಬರದವರು ಆ 20ರಲ್ಲಿ ಇಲ್ಲವೇ ಇಲ್ಲ. ವೇಟ್ 15 ಕೊಟ್ರೂ 150 ಕೊಟ್ರೂ ಇಲ್ಲದವರ ಮಾತು ಬರಲ್ಲ. ಎಫೆಕ್ಟಿವ್ ಸ್ಯಾಂಪಲ್ ಸೈಜ್ ಇದರ ಬಗ್ಗೆ ಒಂದಕ್ಷರ ಹೇಳಲ್ಲ, ಅದು ಏರುಪೇರು ಎಷ್ಟು ಅಂತ ಹೇಳುತ್ತೆ, ಬಾಣ ಯಾವ ಕಡೆಗೆ ವಾಲಿದೆ ಅಂತ ಹೇಳಲ್ಲ.

ಮಳೆಹುಡುಗಿ
ಮ್ಯಾನೇಜರ್‌ಗೆ 400–615 ಲೆಕ್ಕ ತೋರಿಸ್ದೆ, ಒಪ್ಕೊಂಡ್ರು. ಈ ವಾರ ಫೋನ್ ಮಾಡ್ತೀವಿ.

(ಒಂಬತ್ತು ದಿನ ಆದ್ಮೇಲೆ)

ಮಳೆಹುಡುಗಿ
ಫೋನ್ ಮಾಡೋದು ಮುಗೀತು. ಪಟ್ಟಿಯಿಂದ ಆರಿಸಿ, ಸಿಗದವರಿಗೆ ಬೇರೆ ಬೇರೆ ಹೊತ್ತಲ್ಲಿ ನಾಲ್ಕು ಸಲದವರೆಗೆ ಮಾಡಿ, ಕೊನೆಗೆ 60 ಜನ ಉತ್ತರ ಕೊಟ್ರು. ಅದರಲ್ಲಿ 48 ಜನ ವಿರೋಧ, ಅಂದ್ರೆ 80%. ಲಿಂಕ್ ತುಂಬಿದವರಲ್ಲಿ 70% ಇತ್ತು. ಒಟ್ಟು ಹಿರಿಯರು 80ಕ್ಕೆ 62. ಹೊಸ ವೇಟ್ ಹಾಕಿದ್ರೆ ವಿರೋಧ 51.25%, ಕಿಶ್ ಲೆಕ್ಕದಲ್ಲಿ ±4, `postStratify` ಹಾಕಿದ್ರೆ ±3.5.

ಖಡಕ್_ಮಾತು
ನೋಡಿ, ಆಯ್ತಲ್ಲ, ಬಹುಮತ ವಿರೋಧ.

ಲೆಕ್ಕದಮೇಷ್ಟ್ರು
47.7ರಿಂದ 54.8ರವರೆಗೆ ಎಲ್ಲಿ ಬೇಕಾದ್ರೂ ಇರಬಹುದು, ಬಹುಮತ ಅನ್ನೋಕೆ ಆಗಲ್ಲ. ಆದ್ರೆ ವಿರೋಧ ಬರೀ 40% ಅನ್ನೋ ಮಾತು ಈಗ ಪೂರ್ತಿ ಬಿದ್ದು ಹೋಯ್ತು, ಅದನ್ನ ಧೈರ್ಯವಾಗಿ ಬರೀಬಹುದು.

ನಿಧಾನಿ
70 ಮತ್ತು 80, ಇದು ಹಳೇಫೀಲ್ಡ್ ಅಣ್ಣ ಹೇಳಿದ ವಾಲೋದೇನಾ? ಅಥವಾ 20 ಜನರಲ್ಲಿ ಬರೋ ಏರುಪೇರಾ?

ಹಳೇಫೀಲ್ಡ್‌ವರ್ಕರ್
20 ಜನರಲ್ಲಿ ಇಬ್ಬರು ಆಚೆ ಈಚೆ ಆದ್ರೆ 10 ಪಾಯಿಂಟ್, ಹಂಗಾಗಿ ಬರೀ ಏರುಪೇರೂ ಇರಬಹುದು. ನನ್ನ ಮನಸ್ಸು ವಾಲಿದೆ ಅಂತಲೇ ಹೇಳುತ್ತೆ. ಇನ್ನೊಂದು ಸಾಧ್ಯತೆ, ಫೋನಲ್ಲಿ ಮನುಷ್ಯರ ಜೊತೆ ಮಾತಾಡುವಾಗ ಕೌಂಟರ್ ಮೇಲಿನ ಪ್ರೀತಿ ಸ್ವಲ್ಪ ಜಾಸ್ತಿನೇ ಹೊರಗೆ ಬರುತ್ತೆ. ಮೂರರಲ್ಲಿ ಯಾವುದು ಅಂತ ಈ 80 ಜನರಿಂದ ಬಿಡಿಸೋಕಾಗಲ್ಲ.

ಲೆಕ್ಕದಮೇಷ್ಟ್ರು
ಅದಕ್ಕೇ ರಿಪೋರ್ಟಲ್ಲಿ ಲಿಂಕಿನ 20 ಮತ್ತು ಫೋನಿನ 60 ಬೇರೆ ಬೇರೆ ಸಾಲಲ್ಲಿ ಬರೀರಿ ಮೇಡಂ, ಕೂಡಿಸಿದ 80 ಮಾತ್ರ ಕೊಡಬೇಡಿ. ಮೇಲೆ 1060 ಅಂತ ಬರೆದ ಕಡೆನೇ ಎಫೆಕ್ಟಿವ್ 615 ಅಂತಲೂ ಇರಲಿ.

ಮಳೆಹುಡುಗಿ
ಹಂಗೇ ಬರ್ದಿದೀನಿ ಸರ್. ಫೋನಲ್ಲಿ ಒಬ್ಬ ಅಜ್ಜಿ "ಇಷ್ಟು ದಿನಕ್ಕೆ ನಮ್ಮನ್ನ ಕೇಳಿದ್ರಲ್ಲಮ್ಮ" ಅಂದ್ರು, ಅದನ್ನ ಮಾತ್ರ ಯಾವ ಕಾಲಂನಲ್ಲಿ ಹಾಕೋದು ಅಂತ ಗೊತ್ತಾಗ್ಲಿಲ್ಲ.